ಇಬ್ಬರೂ ಒಟ್ಟಿಗೆ ಬಿದ್ದರೆ?

ಸಾಲ ಕೊಡುವವರ ಕೈಯಲ್ಲಿ ಯಾವಾಗಲೂ ಒಂದು ಸಂಖ್ಯೆ ಇರುತ್ತದೆ. ನೂರು ಜನಕ್ಕೆ ಸಾಲ ಕೊಟ್ಟರೆ ವರ್ಷಕ್ಕೆ ಎಷ್ಟು ಜನ ಸುಸ್ತಿಯಾಗುತ್ತಾರೆ ಅನ್ನೋದು ಆ ಸಂಖ್ಯೆ. ನಮ್ಮ ಕಡೆ ಸೊಸೈಟಿಯಲ್ಲಿ ಕಂತು ಕಟ್ಟದೆ ನಿಂತವರನ್ನು ಸುಸ್ತಿದಾರ ಅಂತಾರೆ, ಬ್ಯಾಂಕಿನವರು ಡಿಫಾಲ್ಟ್ ಅಂತಾರೆ. ನೂರರಲ್ಲಿ ಹತ್ತು ಅಂದರೆ ಹತ್ತು. ಅದನ್ನು ಬಾಕಿ ಮೊತ್ತಕ್ಕೆ ಗುಣಿಸಿದರೆ ಸರಾಸರಿ ನಷ್ಟ ಬಂತು, ಅದಕ್ಕೆ ತಕ್ಕ ಹಾಗೆ ಬಡ್ಡಿ ಹಾಕಿದರೆ ಲೆಕ್ಕ ಮುಗೀತು ಅಂತ ಅನ್ನಿಸುತ್ತದೆ.

ಲೆಕ್ಕ ಅಲ್ಲಿಗೆ ಮುಗಿಯೋದಿಲ್ಲ. ಎರಡು ಸೊಸೈಟಿಗಳ ಸರಾಸರಿ ನಷ್ಟ ಪೈಸೆ ಪೈಸೆಗೂ ಒಂದೇ ಆಗಿದ್ದು, ಒಂದು ಮೂವತ್ತು ವರ್ಷ ಅಲುಗಾಡದೆ ನಡೆದು, ಇನ್ನೊಂದು ಐದನೇ ವರ್ಷಕ್ಕೆ ಬಾಗಿಲು ಹಾಕಬಹುದು. ಸಾಲಗಾರರು ಒಬ್ಬೊಬ್ಬರಾಗಿ ಬೀಳುತ್ತಾರೋ ಒಟ್ಟಿಗೆ ಬೀಳುತ್ತಾರೋ ಅನ್ನೋದರ ಮೇಲೆ ಅದು ನಿಂತಿದೆ. ಇದಕ್ಕೆ ಸುಸ್ತಿಯ ಸಹಸಂಬಂಧ ಅಂತ ಹೆಸರು. ಹೆಸರು ಕೇಳಿ ಗಾಬರಿ ಬೇಡ. ಇಬ್ಬರೇ ಇಬ್ಬರು ಸಾಲಗಾರರನ್ನು ಇಟ್ಟುಕೊಂಡು, ಹೈಸ್ಕೂಲ್ ಗುಣಾಕಾರದಲ್ಲೇ ಇದನ್ನು ಪೂರ್ತಿ ನೋಡಬಹುದು.

ಇಬ್ಬರಿಗೂ ಹೆಸರು ಇಟ್ಟುಬಿಡೋಣ: ರಂಗಣ್ಣ, ಸಿದ್ದಣ್ಣ. ಇಬ್ಬರೂ ತಲಾ 1 ಲಕ್ಷ ರೂಪಾಯಿ ಬೆಳೆ ಸಾಲ ತೆಗೆದುಕೊಂಡಿದ್ದಾರೆ. ಯಾವುದೇ ಒಂದು ವರ್ಷದಲ್ಲಿ ಒಬ್ಬೊಬ್ಬರೂ ಸುಸ್ತಿಯಾಗುವ ಸಂಭವ ನೂರಕ್ಕೆ 10. ಲೆಕ್ಕ ಸುಲಭವಾಗಲಿ ಅಂತ, ಸುಸ್ತಿಯಾದರೆ ಪೂರ್ತಿ ಒಂದು ಲಕ್ಷವೂ ಹೋಯಿತು ಅಂತ ಇಟ್ಟುಕೊಳ್ಳೋಣ. ಇಂಥ ನೂರು ವರ್ಷಗಳನ್ನು ಮನಸ್ಸಲ್ಲೇ ಒಂದರ ಪಕ್ಕ ಒಂದು ಜೋಡಿಸಿಕೊಳ್ಳಿ.

ಮೊದಲು ಇಬ್ಬರಿಗೂ ಏನೂ ಸಂಬಂಧವಿಲ್ಲ ಅನ್ನೋಣ. ಒಬ್ಬರು ಬಿದ್ದ ಸುದ್ದಿಯಿಂದ ಇನ್ನೊಬ್ಬರ ಬಗ್ಗೆ ಏನೂ ತಿಳಿಯೋದಿಲ್ಲ. ಆಗ ಇಬ್ಬರೂ ಒಂದೇ ವರ್ಷ ಬೀಳೋದು ಹತ್ತರಲ್ಲಿ ಒಂದರ ಹತ್ತರಲ್ಲಿ ಒಂದು, ಅಂದರೆ ನೂರು ವರ್ಷದಲ್ಲಿ 1 ಸಲ. ಇಬ್ಬರೂ ನೆಟ್ಟಗೆ ಕಟ್ಟೋದು 0.9 ಸಲ 0.9, ಅಂದರೆ 81 ವರ್ಷ. ಮಿಕ್ಕ 18 ವರ್ಷ ಯಾರೋ ಒಬ್ಬರು ಮಾತ್ರ ಬೀಳುತ್ತಾರೆ. ನೂರು ವರ್ಷದ ಒಟ್ಟು ನಷ್ಟ 18 ಲಕ್ಷ ಮತ್ತು 2 ಲಕ್ಷ ಸೇರಿ 20 ಲಕ್ಷ. ವರ್ಷಕ್ಕೆ ಸರಾಸರಿ 20 ಸಾವಿರ.

ಈಗ ಮಳೆ ತರೋಣ. ಇಬ್ಬರ ಹೊಲವೂ ಅಕ್ಕಪಕ್ಕ, ಇಬ್ಬರೂ ಹಾಕೋದು ಕಡಲೆಕಾಯಿ, ಇಬ್ಬರಿಗೂ ಕಾಲುವೆ ಇಲ್ಲ. ಐದು ವರ್ಷಕ್ಕೆ ಒಂದು ವರ್ಷ ಮುಂಗಾರು ಕೈ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಮಳೆ ಚೆನ್ನಾಗಿ ಆದ ವರ್ಷ ಒಬ್ಬೊಬ್ಬರೂ ಸುಸ್ತಿಯಾಗುವ ಸಂಭವ ನೂರಕ್ಕೆ 5. ಮನೆಯಲ್ಲಿ ಕಾಯಿಲೆ, ಎತ್ತು ಸತ್ತಿದ್ದು, ಮದುವೆ ಖರ್ಚು, ಹೀಗೆ ಅವರವರ ಸ್ವಂತ ಕಾರಣಕ್ಕೆ. ಮಳೆ ಹೋದ ವರ್ಷ ಅದು ನೂರಕ್ಕೆ 30 ಆಗುತ್ತದೆ. ಗಮನಿಸಿ, ಒಬ್ಬ ಸಾಲಗಾರನ ಸರಾಸರಿ ಬದಲಾಗಿಲ್ಲ: ನೂರು ವರ್ಷದಲ್ಲಿ 80 ಒಳ್ಳೆ ವರ್ಷದಿಂದ 4 ಸುಸ್ತಿ, 20 ಕೆಟ್ಟ ವರ್ಷದಿಂದ 6 ಸುಸ್ತಿ, ಒಟ್ಟು ಅದೇ 10. ರಂಗಣ್ಣನ ಕಡತವನ್ನು ಒಂಟಿಯಾಗಿ ತೆಗೆದು ನೋಡಿದರೆ ನಿಮಗೆ ಏನೂ ವ್ಯತ್ಯಾಸ ಕಾಣೋದಿಲ್ಲ. ಸಿದ್ದಣ್ಣನದ್ದನ್ನು ನೋಡಿದರೂ ಅಷ್ಟೇ.

ಇಬ್ಬರನ್ನೂ ಜೊತೆಗೆ ನೋಡಿದಾಗ ಮಾತ್ರ ಚಿತ್ರ ಬೇರೆ. ಒಳ್ಳೆ ವರ್ಷದಲ್ಲಿ ಇಬ್ಬರೂ ಬೀಳೋದು 5 ಪರ್ಸೆಂಟಿನ 5 ಪರ್ಸೆಂಟ್. 80 ವರ್ಷಕ್ಕೆ ಅದು 0.2 ಸಲ. ಕೆಟ್ಟ ವರ್ಷದಲ್ಲಿ 30 ಪರ್ಸೆಂಟಿನ 30 ಪರ್ಸೆಂಟ್, ಅಂದರೆ 9 ಪರ್ಸೆಂಟ್. 20 ವರ್ಷಕ್ಕೆ 1.8 ಸಲ. ಎರಡೂ ಸೇರಿ 2 ಸಲ. ಮುಂಚೆ 1 ಇತ್ತು, ಈಗ 2. ಇದೇ ರೀತಿ ಕೂಡಿದರೆ ಇಬ್ಬರೂ ಕಟ್ಟುವ ವರ್ಷಗಳು 82, ಒಬ್ಬರು ಮಾತ್ರ ಬೀಳುವ ವರ್ಷಗಳು 16. ಒಟ್ಟು ನಷ್ಟ 16 ಲಕ್ಷ ಮತ್ತು 4 ಲಕ್ಷ ಸೇರಿ ಮತ್ತೆ 20 ಲಕ್ಷ. ವರ್ಷಕ್ಕೆ ಅದೇ 20 ಸಾವಿರ.

ಮುಂಚೆ 81, 18, 1. ಈಗ 82, 16, 2. ವಿಷಯವೆಲ್ಲ ಈ ಎರಡು ಸಾಲಿನಲ್ಲೇ ಇದೆ. ಸಹಸಂಬಂಧ ಬಂದಾಗ ಸರಾಸರಿ ಜಾಗ ಬಿಟ್ಟು ಕದಲೋದಿಲ್ಲ. ನಡುವಿನ ರಾಶಿ ಕರಗಿ ಎರಡೂ ತುದಿಗೆ ಹೋಗುತ್ತದೆ. ತುಂಬಾ ಕೆಟ್ಟ ವರ್ಷಗಳು ಜಾಸ್ತಿಯಾಗುತ್ತವೆ ಅನ್ನೋದನ್ನು ಎಲ್ಲರೂ ಹೇಳುತ್ತಾರೆ. ಏನೂ ನಷ್ಟವಿಲ್ಲದ ವರ್ಷಗಳೂ ಜಾಸ್ತಿಯಾಗುತ್ತವೆ ಅನ್ನೋದನ್ನು ಹೇಳೋರು ಕಡಿಮೆ. ನನ್ನ ಪ್ರಕಾರ ಹೆಚ್ಚು ಅಪಾಯಕಾರಿ ಈ ಎರಡನೆಯದ್ದೇ. ಒಟ್ಟಿಗೆ ಬೀಳುವ ಜನ ಬಹಳಷ್ಟು ವರ್ಷ ಒಟ್ಟಿಗೆ ನಿಂತೂ ಇರುತ್ತಾರೆ. ಆ ವರ್ಷಗಳಲ್ಲಿ ಸಾಲ ಕೊಟ್ಟವನಿಗೆ ತಾನು ಬಹಳ ಹುಷಾರಿನ ಮನುಷ್ಯ ಅನ್ನಿಸುತ್ತಿರುತ್ತದೆ.

ಇದನ್ನು ಒಂದು ಸಂಖ್ಯೆಗೆ ಇಳಿಸಬೇಕಾದರೆ ಸೂತ್ರ ಹೀಗಿದೆ. ಒಬ್ಬೊಬ್ಬರ ಸಂಭವ p, ಸಹಸಂಬಂಧ ρ ಆದರೆ, ಇಬ್ಬರೂ ಬೀಳುವ ಸಂಭವ:

```
P(both) = p² + ρ · p · (1 − p)
```

ನಮ್ಮ ಲೆಕ್ಕದಲ್ಲಿ p = 0.10, P(both) = 0.02. ಹಾಕಿ ನೋಡಿದರೆ ρ ಸುಮಾರು 0.11 ಬರುತ್ತದೆ. ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ 0.11 ಅಂದರೆ ನೋಡೋದಕ್ಕೆ ಏನೂ ಇಲ್ಲ. ಕಾಲೇಜಿನಲ್ಲಿ ಯಾರಾದರೂ ಗ್ರಾಫ್ ಹಾಕಿ 0.11 ತೋರಿಸಿದ್ದರೆ ಸಂಬಂಧವೇ ಇಲ್ಲ ಅಂತ ಪಕ್ಕಕ್ಕೆ ಇಡುತ್ತಿದ್ದೆವು. ಇಲ್ಲಿ ಅದೇ 0.11 ಅತಿ ಕೆಟ್ಟ ಪರಿಣಾಮವನ್ನು ದುಪ್ಪಟ್ಟು ಮಾಡಿದೆ. ಕಾರಣ ಸರಳ: p² ಅನ್ನೋದೇ ಬಹಳ ಚಿಕ್ಕದು, ಹಾಗಾಗಿ ಅದರ ಪಕ್ಕದಲ್ಲಿ ಸಣ್ಣದೊಂದು ಸಂಖ್ಯೆ ಕೂಡಿದರೂ ಭಾರವಾಗಿ ಕಾಣುತ್ತದೆ. ಸಾಲಗಾರರು ಎಷ್ಟು ಒಳ್ಳೆಯವರೋ, ಅಂದರೆ p ಎಷ್ಟು ಕಡಿಮೆಯೋ, ಈ ಪರಿಣಾಮ ಅಷ್ಟು ಜೋರು. ρ ಪೂರ್ತಿ 1 ಆದರೆ ಇಬ್ಬರೂ ಒಬ್ಬರೇ ಇದ್ದ ಹಾಗೆ: 90 ವರ್ಷ ಏನೂ ಇಲ್ಲ, 10 ವರ್ಷ ಎರಡೂ ಲಕ್ಷ ಹೋಯಿತು, ನಡುವೆ ಖಾಲಿ. ಆಗಲೂ ಸರಾಸರಿ 20 ಸಾವಿರವೇ.

ನಾನು ಕೆಲವು ಕಾಲ ಸಾಲದ ಲೆಕ್ಕ ಇಡುವ ತಂತ್ರಾಂಶದ ಮೇಲೆ ಕೆಲಸ ಮಾಡಿದ್ದೇನೆ. ಅಲ್ಲಿ ರಿಪೋರ್ಟ್ ಬರುತ್ತಿದ್ದ ರೀತಿ ಹೀಗೆ: ಒಬ್ಬೊಬ್ಬ ಸಾಲಗಾರನಿಗೆ ಒಂದೊಂದು ಸಾಲು, ಪ್ರತಿ ಸಾಲಿನಲ್ಲಿ ಸುಸ್ತಿಯ ಸಂಭವ, ಬಾಕಿ ಮೊತ್ತ, ಸುಸ್ತಿಯಾದರೆ ಎಷ್ಟು ಪಾಲು ಕೈ ಬಿಡುತ್ತದೆ ಅನ್ನೋದು. ಮೂರನ್ನೂ ಗುಣಿಸಿ, ಕೆಳಗೆ ಮೊತ್ತ. ಸರಾಸರಿ ನಷ್ಟಕ್ಕೆ ಈ ಲೆಕ್ಕ ನೂರಕ್ಕೆ ನೂರು ಸರಿ. ಸರಾಸರಿಗಳನ್ನು ಕೂಡೋದಕ್ಕೆ ಸಂಬಂಧದ ಹಂಗಿಲ್ಲ. ಆದರೆ ಆ ರಿಪೋರ್ಟಿನಲ್ಲಿ ಒಂದು ಸಾಲಿಗೆ ಇನ್ನೊಂದು ಸಾಲಿನ ಸುದ್ದಿ ಗೊತ್ತಿಲ್ಲ. ಯಾರ ಹೊಲ ಯಾರ ಪಕ್ಕದಲ್ಲಿದೆ ಅನ್ನೋದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಹಾಗಾಗಿ "ಕೆಟ್ಟ ವರ್ಷ ಎಷ್ಟು ಕೆಟ್ಟದ್ದು?" ಅನ್ನುವ ಪ್ರಶ್ನೆಗೆ ಆ ರಿಪೋರ್ಟು ಎಷ್ಟೇ ಉದ್ದ ಇದ್ದರೂ ಉತ್ತರ ಕೊಡೋದಿಲ್ಲ.

ಇದು ಬರೀ ಬ್ಯಾಂಕಿನವರ ತಲೆನೋವು ಅಂತ ಅಂದುಕೊಳ್ಳಬೇಡಿ. ಹಳ್ಳಿಯಲ್ಲಿ ಇದೇ ಗಣಿತಕ್ಕೆ ಜನ ಪಹಣಿ ಒತ್ತೆ ಇಟ್ಟು ಸಹಿ ಹಾಕುತ್ತಾರೆ. ಅದರ ಹೆಸರು ಜಾಮೀನು.

ನಮ್ಮೂರಲ್ಲಿ ಸೊಸೈಟಿ ಸಾಲಕ್ಕೆ ಜಾಮೀನುದಾರ ಬೇಕಾಗುತ್ತಿತ್ತು. ನಮ್ಮಪ್ಪ ಚಿಕ್ಕಪ್ಪನಿಗೆ ಜಾಮೀನು, ಚಿಕ್ಕಪ್ಪ ನಮ್ಮಪ್ಪನಿಗೆ ಜಾಮೀನು. ಹೊಲಕ್ಕೆ ಹೊಲ ಅಂಟಿಕೊಂಡಿದ್ದವರು, ಒಂದೇ ದಿನ ಬಿತ್ತುತ್ತಿದ್ದವರು, ಒಬ್ಬರನ್ನೊಬ್ಬರು ಬಲ್ಲವರು. ಬೇರೆ ಯಾರು ಸಹಿ ಹಾಕುತ್ತಾರೆ? 2002ರಿಂದ ಎರಡು ವರ್ಷ ಮಳೆ ಸರಿಯಾಗಿ ಆಗಲಿಲ್ಲ. ನಾನಾಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ಎರಡೂ ಮನೆಗೆ ನೋಟೀಸು ಬಂತು. ಸಾಲಗಾರ ಅಂತ ಒಂದು, ಜಾಮೀನುದಾರ ಅಂತ ಇನ್ನೊಂದು, ಮನೆಗೆ ಎರಡೆರಡು. ಮೊನ್ನೆ ಫೋನಿನಲ್ಲಿ ಈ 81, 18, 1ರ ಲೆಕ್ಕ ಅಪ್ಪನಿಗೆ ಹೇಳುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು ಅಂದರು: "ಅವ್ನು ಬಿದ್ರೆ ನಾನು ಎತ್ತೋದು, ನಾನು ಬಿದ್ರೆ ಅವ್ನು ಎತ್ತೋದು, ಅದಕ್ಕೇ ಕಣಪ್ಪ ಜಾಮೀನು. ಆದ್ರೆ ಇಬ್ರನ್ನೂ ಬೀಳ್ಸಿದ್ದು ಒಂದೇ ಮಳೆ. ಯಾರು ಯಾರನ್ನ ಎತ್ತೋದು?"

ಅಪ್ಪ ಹೇಳಿದ್ದನ್ನೇ ಸಂಖ್ಯೆಯಲ್ಲಿ ನೋಡೋಣ. ರಂಗಣ್ಣ, ಸಿದ್ದಣ್ಣ ಒಬ್ಬರಿಗೊಬ್ಬರು ಜಾಮೀನು ಹಾಕಿದ್ದಾರೆ. ಸದ್ಯಕ್ಕೆ ನಿಂತಿರುವವನು ಬಿದ್ದವನ ಸಾಲವನ್ನೂ ಪೂರ್ತಿ ಕಟ್ಟುತ್ತಾನೆ ಅಂತ ಇಟ್ಟುಕೊಳ್ಳಿ. ಆಗ ಸೊಸೈಟಿಗೆ ನಷ್ಟ ಆಗೋದು ಇಬ್ಬರೂ ಬಿದ್ದಾಗ ಮಾತ್ರ. ಇಬ್ಬರಿಗೂ ಸಂಬಂಧವಿಲ್ಲದಿದ್ದರೆ ಅದು ನೂರಕ್ಕೆ 1, ಹಾಗಾಗಿ ಸರಾಸರಿ ನಷ್ಟ 20 ಸಾವಿರದಿಂದ 2 ಸಾವಿರಕ್ಕೆ ಇಳಿಯುತ್ತದೆ. ಒಂದೇ ಮಳೆ ನಂಬಿದ್ದರೆ ನೂರಕ್ಕೆ 2, ಸರಾಸರಿ 4 ಸಾವಿರ. ಜಾಮೀನು ಬಂದ ಮೇಲೆ ಸಹಸಂಬಂಧ ಬರೀ ತುದಿಗಳನ್ನಲ್ಲ, ಸರಾಸರಿಯನ್ನೇ ಮುಟ್ಟಿತು ಅನ್ನೋದನ್ನು ನೋಡಿ. ಆದರೂ 4 ಸಾವಿರ ಅಂದರೆ ಏನು ಮಹಾ, 20ಕ್ಕಿಂತ ಎಷ್ಟೋ ವಾಸಿ ಅನ್ನಬಹುದು.

ಆ 4 ಸಾವಿರವನ್ನು ಬಿಡಿಸಿ ನೋಡಬೇಕು. ಒಳ್ಳೆ ಮಳೆಯ ವರ್ಷದಲ್ಲಿ ಜಾಮೀನಿಲ್ಲದೆ ನಷ್ಟ ಸರಾಸರಿ 10 ಸಾವಿರ ಇರುತ್ತಿತ್ತು, ಜಾಮೀನಿನಿಂದ ಅದು 500 ರೂಪಾಯಿಗೆ ಇಳಿಯುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು! ಮಳೆ ಹೋದ ವರ್ಷದಲ್ಲಿ ಜಾಮೀನಿಲ್ಲದೆ 60 ಸಾವಿರ, ಜಾಮೀನು ಇದ್ದರೆ 18 ಸಾವಿರ. ಹತ್ತರಲ್ಲಿ ಮೂರು ಪಾಲು ಇನ್ನೂ ಉಳಿದೇ ಇದೆ. ಅಂದರೆ ಜಾಮೀನು ಅದ್ಭುತವಾಗಿ ಕೆಲಸ ಮಾಡೋದು ಅದರ ಅಗತ್ಯ ಅಷ್ಟಾಗಿ ಇಲ್ಲದ ವರ್ಷದಲ್ಲಿ.

ಇನ್ನೂ ಒಂದು ಮಾತಿದೆ. ನಿಂತಿರುವವನು ಎರಡೂ ಸಾಲ ಕಟ್ಟುತ್ತಾನೆ ಅಂದೆವಲ್ಲ, ಅದು ಒಳ್ಳೆ ವರ್ಷದ ಮಾತು. ಬರದ ವರ್ಷ ತನ್ನ ಕಂತನ್ನೇ ಕಷ್ಟಪಟ್ಟು ಹೊಂದಿಸಿದವನ ಮೇಲೆ ಇನ್ನೊಬ್ಬನ ಲಕ್ಷ ಬಿದ್ದರೆ ಅವನೂ ಕೂತುಬಿಡಬಹುದು. ಹಾಗೆ ಹೊರೆ ಬಿದ್ದವರಲ್ಲಿ ಅರ್ಧ ಜನ ಕೈ ಚೆಲ್ಲುತ್ತಾರೆ ಅಂತ ಇಟ್ಟುಕೊಳ್ಳಿ. ಕೆಟ್ಟ ವರ್ಷದಲ್ಲಿ ಒಬ್ಬರು ಮಾತ್ರ ಬೀಳುವ ಸಂಭವ ನೂರಕ್ಕೆ 42. ಅದರಲ್ಲಿ ಅರ್ಧ, 21, ಈಗ ಇಬ್ಬರೂ ಬಿದ್ದ ಲೆಕ್ಕಕ್ಕೆ ಸೇರಿತು. ಮೊದಲಿನ 9ಕ್ಕೆ 21 ಕೂಡಿದರೆ 30. ನೂರಕ್ಕೆ 30 ಸಲ 2 ಲಕ್ಷ ಹೋಗುತ್ತದೆ, ಅಂದರೆ ಸರಾಸರಿ 60 ಸಾವಿರ. ಜಾಮೀನೇ ಇಲ್ಲದಿದ್ದರೆ ಎಷ್ಟಿತ್ತು? ಅದೇ 60 ಸಾವಿರ! ಬರದ ವರ್ಷ ಜಾಮೀನಿನಿಂದ ಸೊಸೈಟಿಗೆ ಸರಾಸರಿಯಲ್ಲಿ ಒಂದು ರೂಪಾಯಿಯೂ ಉಳಿಯಲಿಲ್ಲ. ಜೊತೆಗೆ, ತನ್ನ ಸಾಲ ತಾನು ಕಟ್ಟಿಕೊಂಡು ಬದುಕಬಹುದಾಗಿದ್ದ ಒಬ್ಬ ರೈತನೂ ಸುಸ್ತಿದಾರರ ಪಟ್ಟಿಗೆ ಸೇರಿದ. ಅರ್ಧ ಅನ್ನೋದು ನಾನು ಹಿಡಿದ ಸಂಖ್ಯೆ, ನಿಜದಲ್ಲಿ ಹೆಚ್ಚೂ ಇರಬಹುದು, ಕಮ್ಮಿಯೂ ಇರಬಹುದು. ಆದರೆ ಎರಡು ಬಗೆಯ ಸಂಬಂಧ ಬೇರೆ ಬೇರೆ ಅನ್ನೋದು ನೆನಪಿರಲಿ: ಒಂದು, ಇಬ್ಬರ ತಲೆ ಮೇಲೂ ಒಂದೇ ಮೋಡ ಇರೋದು. ಇನ್ನೊಂದು, ಒಬ್ಬ ಬೀಳುವಾಗ ಇನ್ನೊಬ್ಬನ ಕೈ ಹಿಡಿದು ಎಳೆದುಕೊಂಡು ಬೀಳೋದು. ಅಕ್ಕಪಕ್ಕದ ಹೊಲದವರ ಜಾಮೀನಿನಲ್ಲಿ ಎರಡೂ ಇರುತ್ತವೆ.

ಹಾಗಾದರೆ ಇಬ್ಬರ ಬದಲು ನೂರು ಜನಕ್ಕೆ ಹಂಚಿದರೆ ಸರಿಹೋಗುತ್ತದಾ? ಒಂದೇ ಬುಟ್ಟಿಯಲ್ಲಿ ಎಲ್ಲಾ ಮೊಟ್ಟೆ ಇಡಬೇಡ ಅಂತಾರಲ್ಲ. ಸಂಬಂಧವಿಲ್ಲದ ನೂರು ಜನವಾದರೆ ಖಂಡಿತ ಸರಿಹೋಗುತ್ತದೆ. ಸರಾಸರಿ 10 ಜನ ಬೀಳುತ್ತಾರೆ, ಹೆಚ್ಚುಕಮ್ಮಿ ಎಲ್ಲಾ ವರ್ಷವೂ ಆ ಹತ್ತರ ಆಸುಪಾಸಿನಲ್ಲೇ. 20 ಜನ ಅಥವಾ ಅದಕ್ಕಿಂತ ಹೆಚ್ಚು ಬೀಳೋದು ಸುಮಾರು 500 ವರ್ಷಕ್ಕೊಮ್ಮೆ. ಆದರೆ ನೂರೂ ಜನ ಅದೇ ಮಳೆಯನ್ನು ನಂಬಿದ್ದರೆ? ಇದನ್ನು ಕೈಯಲ್ಲಿ ಮಾಡೋದಕ್ಕಿಂತ ಕಂಪ್ಯೂಟರಿಗೆ ಹತ್ತು ಸಾವಿರ ವರ್ಷ ಓಡಿಸೋಕೆ ಹೇಳೋದು ಸುಲಭ:

```python
import random

def year(n=100):
    p = 0.30 if random.random() < 0.2 else 0.05
    return sum(random.random() < p for _ in range(n))

runs = [year() for _ in range(10000)]
print(sum(runs) / len(runs))
print(sum(r >= 20 for r in runs) / len(runs))
```

ಮಳೆಯ ನಾಣ್ಯ ವರ್ಷಕ್ಕೆ ಒಂದೇ ಸಲ ಚಿಮ್ಮುತ್ತದೆ, ನೂರು ಜನಕ್ಕೂ ಅದೇ ಫಲಿತಾಂಶ. ಆಮೇಲೆ ಒಬ್ಬೊಬ್ಬರ ಅದೃಷ್ಟ ಅವರವರದ್ದು. ಇದಿಷ್ಟೇ ಪ್ರೋಗ್ರಾಮು. ಮೊದಲ ಸಂಖ್ಯೆ 10ರ ಹತ್ತಿರ ಬರುತ್ತದೆ, ನಿರೀಕ್ಷಿಸಿದ್ದೇ. ಎರಡನೆಯದು 0.2ರ ಹತ್ತಿರ. 500 ವರ್ಷಕ್ಕೊಮ್ಮೆ ಅಂದುಕೊಂಡಿದ್ದು ಐದು ವರ್ಷಕ್ಕೊಮ್ಮೆ ಬಂತು. ಇಬ್ಬರಿದ್ದಾಗ ಕೆಟ್ಟ ತುದಿ ಎರಡು ಪಟ್ಟಾಗಿತ್ತು, ನೂರು ಜನ ಆದಾಗ ನೂರು ಪಟ್ಟು. ಸಾಲಗಾರರ ಸಂಖ್ಯೆ ಹೆಚ್ಚಿದಷ್ಟೂ ಅವರವರ ಸ್ವಂತ ಕಷ್ಟಗಳು ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ಮಳೆ ಮಾತ್ರ ಯಾವುದರಿಂದಲೂ ಸರಿದೂಗೋದಿಲ್ಲ. ಸಾವಿರ ಜನ ಮಾಡಿದರೂ, ಕೆಟ್ಟ ವರ್ಷದಲ್ಲಿ ಮುನ್ನೂರರ ಆಸುಪಾಸು ಬಿದ್ದೇ ಬೀಳುತ್ತಾರೆ.

ಇನ್ನೊಂದು ತಮಾಷೆ ಇದೆ. ಈ ಹತ್ತು ಸಾವಿರ ವರ್ಷಗಳಲ್ಲಿ ಸುಸ್ತಿ 8ರಿಂದ 12ರ ಒಳಗೆ ಇದ್ದ ವರ್ಷಗಳು ಎಷ್ಟು ಅಂತ ಎಣಿಸಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಸಂಬಂಧವಿಲ್ಲದವರಾಗಿದ್ದರೆ ಹತ್ತರಲ್ಲಿ ಆರು ಪಾಲು. ನಮ್ಮ ಸೊಸೈಟಿಯಲ್ಲಿ ವರ್ಷಗಳು ಒಂದೋ 5ರ ಸುತ್ತ ಇರುತ್ತವೆ, ಇಲ್ಲಾ 30ರ ಸುತ್ತ. "ಸರಾಸರಿ ಹತ್ತು" ಅನ್ನುವ ವರ್ಷವನ್ನು ಅಲ್ಲಿ ಹೆಚ್ಚುಕಡಿಮೆ ಯಾರೂ ನೋಡಿಯೇ ಇರೋದಿಲ್ಲ.

ಇದರಿಂದ ಅಂಕಿಅಂಶ ನೋಡಿ ತೀರ್ಮಾನ ಮಾಡುವವರಿಗೆ ಒಂದು ಗುಂಡಿ ತೋಡಿದ ಹಾಗಾಗುತ್ತದೆ. ಹೊಸದಾಗಿ ಸಾಲ ಕೊಡೋಕೆ ಶುರು ಮಾಡಿದ ಸಂಸ್ಥೆಯ ಹತ್ತಿರ ಐದು ವರ್ಷದ ದಾಖಲೆ ಇದೆ ಅನ್ನೋಣ. ಐದಕ್ಕೊಂದು ಕೆಟ್ಟ ವರ್ಷ ಅಂದಮಾತ್ರಕ್ಕೆ ಈ ಐದರಲ್ಲಿ ಒಂದು ಇದ್ದೇ ಇರಬೇಕು ಅಂತೇನಿಲ್ಲ. ಐದೂ ವರ್ಷ ಒಳ್ಳೆಯದೇ ಆಗುವ ಸಂಭವ 0.8ರ ಐದನೇ ಘಾತ, ಸುಮಾರು ಮೂರರಲ್ಲಿ ಒಂದು. ಹಾಗೆ ಆದರೆ ದಾಖಲೆಯಲ್ಲಿ ಸುಸ್ತಿ 5, 4, 6, 5, 5 ಹೀಗೆ ಕಾಣುತ್ತದೆ. ಅದನ್ನು ನೋಡಿದ ಯಾರೇ ಆದರೂ ಎರಡು ತೀರ್ಮಾನಕ್ಕೆ ಬರುತ್ತಾರೆ: ಸುಸ್ತಿಯ ಸಂಭವ 5 ಪರ್ಸೆಂಟ್, ಸಹಸಂಬಂಧ ಸೊನ್ನೆ. ಎರಡೂ ತಪ್ಪು, ಆದರೆ ದಾಖಲೆಯಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಸಹಸಂಬಂಧ ಇದೆಯೋ ಇಲ್ಲವೋ ಅಂತ ತಿಳಿಯೋದು ಸಾಲಗಾರರ ಸಂಖ್ಯೆಯಿಂದ ಅಲ್ಲ, ವರ್ಷಗಳ ಸಂಖ್ಯೆಯಿಂದ. ಲಕ್ಷ ಜನರ ಐದು ವರ್ಷದ ದಾಖಲೆ ಇದ್ದರೂ, ಮಳೆಯ ನಾಣ್ಯವನ್ನು ನೀವು ನೋಡಿರೋದು ಐದೇ ಸಲ.

ಉದ್ದನೆಯ ದಾಖಲೆ ಸಿಕ್ಕಿದರೆ ಒಂದು ಸುಲಭ ಪರೀಕ್ಷೆ ಇದೆ. ನೂರು ಜನ, ಸರಾಸರಿ 10 ಸುಸ್ತಿ, ಸಂಬಂಧವಿಲ್ಲ ಅಂದರೆ ವರ್ಷದಿಂದ ವರ್ಷಕ್ಕೆ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 3ರಷ್ಟು ಇರಬೇಕು. ನಮ್ಮ ಮಳೆಯ ಮಾದರಿಯಲ್ಲಿ ಅದು 10ಕ್ಕಿಂತ ಸ್ವಲ್ಪ ಹೆಚ್ಚು. ದಾಖಲೆಯಲ್ಲಿ ಏರಿಳಿತ ಇರಬೇಕಾದ್ದಕ್ಕಿಂತ ಮೂರು ಪಟ್ಟು ಕಂಡರೆ, ಎಲ್ಲರನ್ನೂ ಒಟ್ಟಿಗೆ ಅಲ್ಲಾಡಿಸುವ ಏನೋ ಒಂದು ಇದೆ ಅಂತಲೇ ಅರ್ಥ. ಅದು ಏನು ಅಂತ ಹುಡುಕೋದು ಆಮೇಲಿನ ಕೆಲಸ.

ಅದು ಮಳೆಯೇ ಆಗಿರಬೇಕು ಅಂತೇನೂ ಇಲ್ಲ. ಪಕ್ಕದ ಆಂಧ್ರದಲ್ಲಿ 2010ರಲ್ಲಿ ಆಗಿದ್ದು ನೋಡಿ. ಅಲ್ಲಿ ಮೈಕ್ರೋಫೈನಾನ್ಸ್ ಸಂಸ್ಥೆಗಳು ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಗುಂಪು ಕಟ್ಟಿ, ಒಬ್ಬರಿಗೊಬ್ಬರು ಜವಾಬ್ದಾರಿ ಅನ್ನುವ ಷರತ್ತಿನ ಮೇಲೆ ಸಣ್ಣ ಸಣ್ಣ ಸಾಲ ಕೊಡುತ್ತಿದ್ದವು. ನಮ್ಮಪ್ಪ, ಚಿಕ್ಕಪ್ಪನ ಜಾಮೀನಿನದ್ದೇ ದೊಡ್ಡ ರೂಪ. ಲಕ್ಷಗಟ್ಟಲೆ ಸಾಲಗಾರರು, ಒಬ್ಬರು ಎಮ್ಮೆ ಕಟ್ಟಿದವರು, ಒಬ್ಬರು ಅಂಗಡಿ ಇಟ್ಟವರು, ಒಬ್ಬರು ಬಟ್ಟೆ ಹೊಲಿಯುವವರು. ವಸೂಲಿ ಹೆಚ್ಚುಕಡಿಮೆ ಪೂರ್ತಿ ಆಗುತ್ತಿತ್ತು. ಆದರೆ ಒಬ್ಬೊಬ್ಬರ ತಲೆ ಮೇಲೂ ಹಲವು ಸಂಸ್ಥೆಗಳ ಸಾಲ ಏರಿ, ವಸೂಲಿಯ ಒತ್ತಡಕ್ಕೆ ಆತ್ಮಹತ್ಯೆಗಳಾದವು ಅನ್ನುವ ಆರೋಪ ಬಂದು, ಆ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಈ ಸಂಸ್ಥೆಗಳನ್ನು ಹದ್ದುಬಸ್ತಿಗೆ ತರಲು ಸುಗ್ರೀವಾಜ್ಞೆ ಹೊರಡಿಸಿತು. ಕೆಲವೇ ತಿಂಗಳಲ್ಲಿ ರಾಜ್ಯದ ಉದ್ದಗಲಕ್ಕೂ ವಸೂಲಿ ಕುಸಿಯಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೇಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟು, ಆ ಮೇಲೆ ದೇಶಕ್ಕೆಲ್ಲ ಹೊಸ ನಿಯಮ ಬಂತು.

ಆ ಹೆಣ್ಣುಮಕ್ಕಳ ಕಸುಬು ಬೇರೆ ಬೇರೆ, ಊರು ಬೇರೆ ಬೇರೆ. ಒಂದೇ ಮಳೆಯನ್ನೂ ಅವರು ನಂಬಿರಲಿಲ್ಲ. ಆದರೆ ಅವರೆಲ್ಲ ಒಂದೇ ಸರ್ಕಾರದ ಕೆಳಗೆ ಇದ್ದರು, ಒಂದೇ ಸುದ್ದಿ ಕೇಳಿದರು. ಪಕ್ಕದ ಮನೆಯವರು ಕಟ್ಟುತ್ತಿಲ್ಲ, ಮುಂದೆ ಹೊಸ ಸಾಲವೂ ಸಿಗೋದಿಲ್ಲ ಅಂತ ಗೊತ್ತಾದ ಮೇಲೆ ತಾನೊಬ್ಬಳೇ ಯಾಕೆ ಕಟ್ಟಲಿ? ಆ ಹೊತ್ತಿನಲ್ಲಿ ಗುಂಪಿನ ಜವಾಬ್ದಾರಿ ಅನ್ನೋದು ವಸೂಲಿ ತಂದುಕೊಡಲಿಲ್ಲ. ಇಂಥ ನಾಣ್ಯ ಹಳೆಯ ಯಾವ ದಾಖಲೆಯಲ್ಲೂ ಚಿಮ್ಮಿರೋದಿಲ್ಲ, ಹಾಗಾಗಿ ಲೆಕ್ಕದಲ್ಲಿ ಸಿಗೋದೂ ಇಲ್ಲ. ನನ್ನ ಎರಡು ಬಗೆಯ ವರ್ಷಗಳ ಮಾದರಿಗೆ ಇರುವ ಮಿತಿಯೂ ಇದೇ. ನಿಜವಾದ ಲೋಕದಲ್ಲಿ ಮೋಡಗಳು ಹಲವು, ಅದರಲ್ಲಿ ಕೆಲವಕ್ಕೆ ನಾವಿನ್ನೂ ಹೆಸರಿಟ್ಟಿಲ್ಲ.

ಹೆಸರಿಟ್ಟಿರುವ ಮೋಡಕ್ಕಾದರೂ ಏನು ಮಾಡಬಹುದು? ಒಂದು, ಜಾಮೀನುದಾರನ ಆದಾಯ ಸಾಲಗಾರನ ಆದಾಯ ಬರುವ ಕಡೆಯಿಂದಲೇ ಬರುತ್ತಿದೆಯಾ ಅಂತ ನೋಡೋದು. ಸಿದ್ದಣ್ಣನ ಬದಲು ಸಂಬಳದ ಮೇಷ್ಟ್ರು ಜಾಮೀನು ಹಾಕಿದರೆ, ಅವರ ಸುಸ್ತಿಯ ಸಂಭವವೂ ಅದೇ 10 ಪರ್ಸೆಂಟ್ ಇದ್ದರೂ, ಇಬ್ಬರೂ ಬೀಳೋದು ನೂರಕ್ಕೆ 1ಕ್ಕೆ ವಾಪಸ್ ಬರುತ್ತದೆ. ತಾಲ್ಲೂಕು ಕೇಂದ್ರದ ಬಟ್ಟೆ ಅಂಗಡಿಯವನಾದರೆ ಅಷ್ಟು ಸಲೀಸಿಲ್ಲ, ಯಾಕೆಂದರೆ ಅವನ ಗಿರಾಕಿಗಳು ರಂಗಣ್ಣನಂಥವರೇ. ಕಸುಬು ಬೇರೆ ಇದ್ದರೆ ಸಾಲದು, ದುಡ್ಡು ಹರಿದು ಬರುವ ದಾರಿ ಬೇರೆ ಇರಬೇಕು.

ಎರಡು, ಮೋಡದ ಮೇಲೆಯೇ ವಿಮೆ ಮಾಡೋದು. 2016ರ ಮುಂಗಾರಿನಿಂದ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ನಷ್ಟವನ್ನು ಅಳೆಯೋದು ಒಬ್ಬೊಬ್ಬ ರೈತನ ಹೊಲದಲ್ಲಿ ಅಲ್ಲ, ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯಲ್ಲಿ. ನನ್ನ ಹೊಲ ಮಾತ್ರ ಹಾಳಾದರೆ ಇದರಿಂದ ನನಗೆ ಸಿಗೋದು ಕಮ್ಮಿ ಅಂತ ರೈತರು ಬೈಯುತ್ತಾರೆ, ಆ ದೂರು ನ್ಯಾಯವಾದದ್ದೇ. ಆದರೆ ಸಾಲದ ಕಣ್ಣಿನಿಂದ ನೋಡಿದರೆ ಇದಕ್ಕೊಂದು ಅರ್ಥ ಇದೆ. ಒಬ್ಬನ ಎತ್ತು ಸತ್ತರೆ ಜಾಮೀನುದಾರ ಎತ್ತಬಲ್ಲ. ಊರಿಗೆ ಊರೇ ಒಣಗಿದಾಗ ಅವನ ಕೈಲಿ ಆಗೋದಿಲ್ಲ, ಆಗ ಹೊರಗಿನಿಂದ ದುಡ್ಡು ಬರಬೇಕು. ಒಂದು ಎಲ್ಲಿ ಕೈ ಬಿಡುತ್ತದೋ ಇನ್ನೊಂದು ಅಲ್ಲಿ ಹಿಡಿಯಬೇಕು ಅನ್ನೋದು ಲೆಕ್ಕ. ಆ ದುಡ್ಡು ಮುಂದಿನ ಬಿತ್ತನೆಗೆ ಮುಂಚೆ ಕೈ ಸೇರಬೇಕು, ತಡವಾದರೆ ಅಷ್ಟರಲ್ಲಿ ಸುಸ್ತಿ ಆಗಿಹೋಗಿರುತ್ತದೆ. ಮತ್ತೆ, ಸಹಸಂಬಂಧ ಇದರಿಂದ ಮಾಯವೇನೂ ಆಗಲಿಲ್ಲ, ವಿಮಾ ಕಂಪನಿಯ ತಲೆ ಮೇಲೆ ಹೋಯಿತು. ಅವರು ಅದನ್ನು ಬೇರೆ ಬೇರೆ ರಾಜ್ಯದ, ಬೇರೆ ಬೇರೆ ದೇಶದ ಮೋಡಗಳ ಜೊತೆ ಬೆರೆಸಲು ಮರುವಿಮೆಗೆ ಹೋಗುತ್ತಾರೆ.

ಯಾರಾದರೂ ನಿಮ್ಮ ಮುಂದೆ ಸಾಲದ ಪಟ್ಟಿ ಇಟ್ಟು "ಸರಾಸರಿ ಸುಸ್ತಿ ಇಷ್ಟೇ" ಅಂದರೆ, ಆ ಸಂಖ್ಯೆಯನ್ನು ಅನುಮಾನಿಸಬೇಕಾಗಿಲ್ಲ, ಅದು ಸರಿಯಾಗಿಯೇ ಇರಬಹುದು. ಪಟ್ಟಿಯಿಂದ ಯಾವುದಾದರೂ ಎರಡು ಹೆಸರು ತೆಗೆದುಕೊಂಡು ಕೇಳಿ: ಇವರಲ್ಲಿ ಒಬ್ಬರು ಬಿದ್ದರು ಅಂತ ಗೊತ್ತಾದರೆ, ಇನ್ನೊಬ್ಬರ ಬಗ್ಗೆ ನಿಮ್ಮ ಅಂದಾಜು ಬದಲಾಗುತ್ತದಾ? ನಮ್ಮ ಉದಾಹರಣೆಯಲ್ಲಿ ಅದು 10ರಿಂದ 20ಕ್ಕೆ ಏರುತ್ತದೆ. ಒಂಚೂರೂ ಬದಲಾಗೋದಿಲ್ಲ ಅಂತ ಅವರು ಧೈರ್ಯವಾಗಿ ಹೇಳಿದರೆ, ಹೊಲ ಎಲ್ಲೆಲ್ಲಿವೆ ಅಂತ ಇನ್ನೊಮ್ಮೆ ಕೇಳಿ.